ಒಂದು ಮಿಸ್ಡ್ ಕಾಲ್ ಕೊಡ್ತೀರಾ?

ನಮ್ಮ ಮಂಡ್ಯದ ಕಡೆ ಮದುವೆ ಊಟಕ್ಕೆ ಕಾಯುವ ರೀತಿಯೇ ಬೇರೆ. ಪಂಕ್ತಿಯಲ್ಲಿ ಕೂತವರಿಗೆ ಇನ್ನೂ ಅನ್ನ ಸಾರು ಬಡಿಸುತ್ತಿರುವಾಗಲೇ ಮುಂದಿನ ಪಂಕ್ತಿಯವರು ಬಂದು ಅವರ ಬೆನ್ನ ಹಿಂದೆ ಕುರ್ಚಿ ಹಿಡಿದುಕೊಂಡು ನಿಂತುಬಿಡುತ್ತಾರೆ. ಉಣ್ಣುವವನಿಗೆ ಮಜ್ಜಿಗೆ ಗಂಟಲಲ್ಲಿ ಇಳಿಯುವುದಿಲ್ಲ, ನಿಂತವನಿಗೆ ಕಾಲು ನೋವು. ಅಕ್ಕಪಕ್ಕದ ಕುರ್ಚಿ ಹಿಡಿದ ಇಬ್ಬರು ಅಪರಿಚಿತರಿಗೆ ಮಾತ್ರ ಹತ್ತು ಹನ್ನೆರಡು ನಿಮಿಷ ಬಿಡುವು ಸಿಗುತ್ತದೆ. ಕೈಯಲ್ಲಿ ಕೆಲಸವಿಲ್ಲ, ಜಾಗ ಬಿಟ್ಟು ಹೋಗುವ ಹಾಗಿಲ್ಲ, ಮಾತಾಡಲೇಬೇಕು.

2016ರ ಮೇ ತಿಂಗಳ ಒಂದು ಭಾನುವಾರ ನಾನು ಹಾಗೆ ನಿಂತಿದ್ದೆ. ನಮ್ಮತ್ತೆ ಮಗನ ಮದುವೆ, ಮೈಸೂರು ರಸ್ತೆಯ ಒಂದು ಛತ್ರದಲ್ಲಿ. ಪತ್ರಿಕೋದ್ಯಮ ಓದು ಮುಗಿಸಿ ಒಂದು ಪತ್ರಿಕೆಯಲ್ಲಿ ತರಬೇತಿಗೆ ಸೇರಿ ಆರು ತಿಂಗಳಾಗಿತ್ತು. ಪಕ್ಕದ ಕುರ್ಚಿ ಹಿಡಿದಿದ್ದವಳು ಹೆಣ್ಣಿನ ಕಡೆಯವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಹಿಂದಿನ ರಾತ್ರಿ ಆರತಕ್ಷತೆಗೆ ಬರಲಾಗಲಿಲ್ಲ, ಶನಿವಾರ ಓವರ್‌ಟೈಮ್ ಇತ್ತು ಅಂತ ಅವಳು ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ಗಾರ್ಮೆಂಟ್ಸಾ?" ಅಂದೆ.

"ಹೂಂ. ಬೆಳಿಗ್ಗೆ ಆರೂಕಾಲಿಗೆ ಟೆಂಪೊ ಹತ್ತಿದ್ರೆ ರಾತ್ರಿ ಎಂಟಕ್ಕೆ ಮನೆ."

ಆಗ ಗಾರ್ಮೆಂಟ್ಸ್ ಅಂದ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. ಒಂದು ತಿಂಗಳ ಹಿಂದೆ, ಏಪ್ರಿಲ್ 18 ಮತ್ತು 19ರಂದು, ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗೆ ಬಂದಿದ್ದರು. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ನಿಯಮ ತಂದಿತ್ತು. ಐದಾರು ವರ್ಷ ಹೊಲಿದು, ಕೆಲಸ ಬಿಟ್ಟಾಗ ಬರುವ ಪಿಎಫ್ ದುಡ್ಡಿನಲ್ಲಿ ತಂಗಿಯ ಮದುವೆಯನ್ನೋ ಮನೆಯ ಚಾವಣಿಯನ್ನೋ ಮುಗಿಸುವ ಲೆಕ್ಕದಲ್ಲಿದ್ದವರಿಗೆ ಅದು ಸಿಡಿಲಿನ ಸುದ್ದಿ. ಎರಡು ದಿನ ಊರು ನಿಂತುಹೋಯಿತು, ಲಾಠಿ ಬೀಸಿತು, ಬಸ್ಸುಗಳು ಸುಟ್ಟವು. 19ರ ಸಂಜೆಯೊಳಗೆ ಸರ್ಕಾರ ನಿಯಮವನ್ನೇ ಹಿಂತೆಗೆದುಕೊಂಡಿತು. ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಇದ್ದ ಕುತೂಹಲ ಅಂದರೆ, ದೊಡ್ಡ ನಾಯಕರು ಯಾರೂ ಮುಂದೆ ನಿಲ್ಲದೆ ಇಷ್ಟು ಜನ ಹೇಗೆ ಸೇರಿದರು ಎಂಬುದು.

ಆ ಹುಡುಗಿ ಕುರ್ಚಿಯ ಮೇಲೆ ಮೊಣಕೈ ಊರಿಕೊಂಡು ಅದನ್ನು ಹೇಳಿದಳು. ಅವರ ಟೆಂಪೊದಲ್ಲಿ ಒಬ್ಬಾಕೆ ಪೇಪರ್ ಓದಿ ಹೇಳಿದ್ದು, ಅದು ಊಟದ ಬಿಡುವಿನಲ್ಲಿ ಒಂದು ಲೈನಿನಿಂದ ಇನ್ನೊಂದು ಲೈನಿಗೆ ಹೋದದ್ದು, ಮರುದಿನ ಬೇರೆ ಊರಿನ ಟೆಂಪೊದವರೂ ಅದನ್ನೇ ಮಾತಾಡಿಕೊಂಡು ಬಂದದ್ದು. ಸೂಪರ್‌ವೈಸರ್ ಬಾಗಿಲಿಗೆ ಅಡ್ಡ ನಿಂತಾಗ ಯಾರೋ ಹಿಂದಿನಿಂದ ಕೂಗಿದರಂತೆ, "ನಿಮ್ದೂ ಪಿಎಫ್ಫೇ ಅಲ್ವಾ ಸಾರ್?" ಅಂತ. ಅವನು ಪಕ್ಕಕ್ಕೆ ಸರಿದನಂತೆ. ಇವಳೂ ರಸ್ತೆಗೆ ಇಳಿದಿದ್ದಳು. ಚಪ್ಪಲಿ ಒಂದು ಕಳೆದುಹೋಗಿ, ಬರಿಗಾಲಲ್ಲಿ ಸಂಜೆವರೆಗೆ ನಿಂತು, ಇನ್ನೊಬ್ಬಾಕೆಯ ಬ್ಯಾಗಿನಲ್ಲಿದ್ದ ಹಳೇ ಚಪ್ಪಲಿ ಹಾಕಿಕೊಂಡು ಮನೆಗೆ ಹೋದಳಂತೆ.

ಅಷ್ಟರಲ್ಲಿ ನಮ್ಮ ಮುಂದಿನವರು ಎದ್ದರು, ಕೂತೆವು, ಎಲೆ ಹಾಸಿದರು. ಊಟಕ್ಕೆ ಕೂತ ಮೇಲೆ ಅವಳ ಇನ್ನೊಂದು ಪಕ್ಕಕ್ಕೆ ಅವಳ ಚಿಕ್ಕಮ್ಮ ಬಂದು ಕೂತರು. ಮಾತು ನಿಂತಿತು.

ಒಂದು ವಿಷಯವನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಅವಳ ನಂಬರ್ ಬೇಕಾಗಿದ್ದುದು ವರದಿಗೆ ಮಾತ್ರ ಅಲ್ಲ. ಚಪ್ಪಲಿಯ ಕಥೆ ಹೇಳಿ ನಕ್ಕ ರೀತಿ ಇಷ್ಟವಾಗಿತ್ತು. ವರದಿ ಎಷ್ಟು, ಇದು ಎಷ್ಟು ಅಂತ ಅಳತೆ ಕೇಳಿದರೆ ಆಗಲೂ ಹೇಳಲಾಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ.

ಕೈ ತೊಳೆಯುವ ಜಾಗದಲ್ಲಿ ಅವಳು ಒಬ್ಬಳೇ ಸಿಕ್ಕಳು. ಹಾಸ್ಟೆಲಿನಲ್ಲಿ ನಾವೆಲ್ಲ ಕಲಿತಿದ್ದ ಒಂದು ವಿದ್ಯೆ ಇತ್ತು. ನಂಬರ್ ಕೊಡಿ ಅಂತ ಕೇಳಬಾರದು. ನನ್ನ ಫೋನ್ ಎಲ್ಲೋ ಬಿದ್ದುಹೋಗಿದೆ, ಒಂದು ಮಿಸ್ಡ್ ಕಾಲ್ ಕೊಡ್ತೀರಾ, ಎಲ್ಲಿ ರಿಂಗಾಗುತ್ತೆ ನೋಡೋಣ ಅನ್ನಬೇಕು. ಪಾಪ, ಎದುರಿನವರು ಉಪಕಾರ ಮಾಡುತ್ತಿದ್ದೇವೆ ಅಂದುಕೊಂಡು ಮಾಡುತ್ತಾರೆ, ಅವರ ನಂಬರು ನಮ್ಮ ಫೋನಿಗೆ ಬಂದು ಕೂರುತ್ತದೆ. ನಾನು ಅದನ್ನೇ ಹೇಳಿದೆ.

ಅವಳು ನನ್ನ ಅಂಗಿಯ ಜೇಬಿನ ಕಡೆ ನೋಡಿದಳು. ಬಿಳಿ ಅಂಗಿ. ಯಾವುದೋ ಮೆಸೇಜು ಆ ಗಳಿಗೆಗೇ ಬಂದು ಜೇಬಿನೊಳಗೆ ಬೆಳಕು ಹತ್ತಿಕೊಂಡಿತ್ತು.

"ಸಿಕ್ತಲ್ಲ ಬಿಡಿ," ಅಂದಳು.

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವಳಿಗೆ ಸಿಟ್ಟು ಬಂದಂತಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಯಾಕೆ ಬೇಕು ಅಂತ ನೇರವಾಗೇ ಕೇಳಿ" ಅಂದಳು. ನಾನು ಪತ್ರಿಕೆಯ ಹೆಸರು ಹೇಳಿದೆ, ಟೆಂಪೊದ ವಿಷಯ ಬರೆಯಬೇಕು ಅಂದೆ, ಪೂರ್ತಿ ಕೇಳಬೇಕು ಅಂದೆ. "ಅಷ್ಟೇನಾ?" ಅಂದಳು. ನಾನು ನಲ್ಲಿಯ ನೀರು ನೋಡುತ್ತಾ ನಿಂತೆ.

ಆಮೇಲೆ ಅವಳು ಹೇಳಿದ್ದನ್ನು ನಾನು ಅಷ್ಟು ಹೊತ್ತಿಗೆ ಯೋಚಿಸಿಯೂ ಇರಲಿಲ್ಲ. ಅವಳ ಹತ್ತಿರ ಫೋನಿತ್ತು, ಆದರೆ ಅದು ಅವಳದಲ್ಲ. ಅಣ್ಣನ ಹೆಸರಿನ ಸಿಮ್ಮು. ಟೆಂಪೊ ತಡವಾದರೆ ತಿಳಿಸಲಿ ಅಂತ ಬೆಳಿಗ್ಗೆ ಕೊಟ್ಟು ಕಳಿಸುತ್ತಾನೆ, ರಾತ್ರಿ ಮನೆಗೆ ಹೋದ ಮೇಲೆ ಅವನ ಹತ್ತಿರವೇ ಇರುತ್ತದೆ. ಯಾರು ಮಾಡಿದರು, ಯಾರಿಗೆ ಹೋಯಿತು ಎಲ್ಲ ನೋಡುತ್ತಾನೆ. ಕರೆನ್ಸಿ ಮುಗಿದರೆ ಅಂಗಡಿಯಲ್ಲಿ ನಂಬರ್ ಹೇಳಿ ಹಾಕಿಸುವುದಿಲ್ಲ, ಹತ್ತು ರೂಪಾಯಿಯದಾದರೂ ಸರಿ, ಕೂಪನ್ ತಂದು ಕೆರೆದುಕೊಳ್ಳುತ್ತಾಳೆ. ಯಾಕೆ ಅಂದೆ. "ಅಂಗಡಿಯವನು ಬರಕೊಳ್ತಾನಲ್ಲ, ಆ ಪುಸ್ತಕ ಯಾರು ಯಾರು ನೋಡ್ತಾರೋ. ನಮ್ಮ ಟೆಂಪೊದ ಇಬ್ಬರಿಗೆ ಹಂಗೇ ಆಯ್ತು, ರಾತ್ರಿಯೆಲ್ಲ ಯಾರೋ ಫೋನ್ ಮಾಡೋರು." ಆಗ ನನಗೆ ಇದು ಅತಿಯಾದ ಎಚ್ಚರಿಕೆ ಅನಿಸಿತ್ತು. ಮುಂದಿನ ವರ್ಷ, 2017ರ ಫೆಬ್ರವರಿಯಲ್ಲಿ, ಉತ್ತರ ಪ್ರದೇಶದ ರೀಚಾರ್ಜ್ ಅಂಗಡಿಗಳಲ್ಲಿ ಹೆಣ್ಣುಮಕ್ಕಳ ನಂಬರುಗಳನ್ನು ಅವರ ರೂಪ ನೋಡಿ ದರ ಕಟ್ಟಿ ಮಾರುತ್ತಿದ್ದಾರೆ ಅನ್ನುವ ಸುದ್ದಿ ಓದಿದಾಗ ಆ ನಲ್ಲಿಯ ಹತ್ತಿರದ ಮಾತು ನೆನಪಾಯಿತು.

ಅಂದರೆ ನನ್ನ ಮಿಸ್ಡ್ ಕಾಲಿನ ಉಪಾಯ ಫಲಿಸಿದ್ದರೆ ಆಗುತ್ತಿದ್ದುದು ಇಷ್ಟು. ಅವಳ ನಂಬರು ನನಗೆ ಬರುತ್ತಿತ್ತು ಅನ್ನುವುದು ಅರ್ಧ. ಮದುವೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಗುರುತಿಲ್ಲದ ನಂಬರಿಗೆ ಒಂದು ಕರೆ ಹೋಗಿದೆ ಅಂತ ಅವಳ ಅಣ್ಣನ ಫೋನಿನಲ್ಲೂ ಉಳಿಯುತ್ತಿತ್ತು. ನಾವು ಹಾಸ್ಟೆಲಿನಲ್ಲಿ ಈ ವಿದ್ಯೆಯನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟಾಗ ಆ ಇನ್ನರ್ಧವನ್ನು ಯಾರೂ ಹೇಳಿರಲಿಲ್ಲ.

"ನಿಮ್ಮ ನಂಬರ್ ಬರೆದುಕೊಡಿ. ನಂಗೆ ಅನುಕೂಲ ಆದಾಗ ಮಾಡ್ತೀನಿ," ಅಂದಳು. ನಾನು ಕಿಸೆಯಲ್ಲಿದ್ದ ಸಣ್ಣ ನೋಟ್‌ಬುಕ್ಕಿನ ಹಾಳೆ ಹರಿದು ಹತ್ತು ಅಂಕಿ ಬರೆದು ಕೊಟ್ಟೆ. ಹೆಸರು ಬರೆಯಲಿಲ್ಲ. ಅವಳಿಗೆ ಗೊತ್ತಲ್ಲ, ಇನ್ನು ಯಾರು ನೋಡುತ್ತಾರೆ ಅಂದುಕೊಂಡೆ. ಅವಳು ಅದನ್ನು ಮಡಚಿ, ಆಗಷ್ಟೇ ಕೈಗೆ ಬಂದಿದ್ದ ತಾಂಬೂಲದ ಚೀಲದೊಳಗೆ, ತೆಂಗಿನಕಾಯಿಯ ಕೆಳಗೆ ತೂರಿಸಿದಳು. ಅವಳ ಹೆಸರನ್ನೂ ನಾನು ಕೇಳಲಿಲ್ಲ. ನಂಬರಿನ ಗಡಿಬಿಡಿಯಲ್ಲಿ ಅದು ಮರೆತೇಹೋಗಿತ್ತು. ಪತ್ರಿಕೋದ್ಯಮದ ಮೊದಲ ತರಗತಿಯಲ್ಲಿ ಹೇಳಿಕೊಡುವುದೇ ಹೆಸರು ಕೇಳಿ, ಅಕ್ಷರ ಸರಿಯಾಗಿ ಬರೆದುಕೊಳ್ಳಿ ಅಂತ.

ಒಂದು ವಾರ ಗೊತ್ತಿಲ್ಲದ ನಂಬರ್ ಯಾವುದು ಬಂದರೂ ಒಂದೇ ರಿಂಗಿಗೆ ಎತ್ತಿದೆ. ಬಹಳಷ್ಟು ಸಾಲ ಕೊಡುವವರದು. ಮದುಮಗಳನ್ನು ಕೇಳಿದರೆ ಒಂದೇ ನಿಮಿಷದ ಕೆಲಸವಾಗಿತ್ತು, ಆದರೆ ಕೇಳುವ ಹಾಗಿರಲಿಲ್ಲ. ನಮ್ಮಲ್ಲಿ ಮದುವೆಗೆ ಬಂದ ಹುಡುಗಿಯ ಬಗ್ಗೆ ಹುಡುಗನೊಬ್ಬ ಮನೆಯವರ ಹತ್ತಿರ ಒಂದು ಮಾತು ವಿಚಾರಿಸಿದರೆ ಸಾಕು, ಸಂಜೆಗೆ ಅತ್ತೆ ಅಮ್ಮನಿಗೆ ಫೋನ್ ಮಾಡಿರುತ್ತಾರೆ, ಮಾರನೇ ದಿನ ಎರಡೂ ಕಡೆಯವರು ಜಾತಕದ ಮಾತು ತೆಗೆದಿರುತ್ತಾರೆ. ವರದಿಗೆ ಅಂದರೆ ಯಾರೂ ನಂಬುವುದಿಲ್ಲ. ನಾನೇ ಪೂರ್ತಿ ನಂಬಿರಲಿಲ್ಲವಲ್ಲ.

ಆಗ ನನಗೆ ಹೊಳೆದದ್ದು ಮುಯ್ಯಿ ಪುಸ್ತಕ. ಮಂಟಪದ ಹತ್ತಿರ ಒಬ್ಬರು ಮೇಜು ಹಾಕಿಕೊಂಡು ಕೂತು, ಬಂದವರ ಹೆಸರು, ಊರು, ರೂಪಾಯಿ ಬರೆದುಕೊಳ್ಳುತ್ತಾರಲ್ಲ, ಅದು. ನಾಳೆ ಅವರ ಮನೆಯ ಮದುವೆಗೆ ಅಷ್ಟೇ ಅಥವಾ ಒಂದು ಕೈ ಹೆಚ್ಚು ವಾಪಸ್ ಮಾಡಬೇಕಾದ್ದರಿಂದ ಆ ಪುಸ್ತಕದಲ್ಲಿ ತಪ್ಪು ನಡೆಯುವುದಿಲ್ಲ. ಅತ್ತೆ ಮನೆಗೆ ಹೋದಾಗ ಮಾವನ ಕಣ್ಣು ತಪ್ಪಿಸಿ ತೆಗೆದು ನೋಡಿದೆ. ಪುಟದ ಮೇಲೆ ಪುಟ. ಇಂಥವರು, ಇಂಥ ಊರು, 101. ಇಂಥವರ ಮಗ, ಸೊಸೈಟಿ ಹತ್ತಿರದ ಮನೆ, 501. ಒಂದು ಕಡೆಯೂ ಫೋನ್ ನಂಬರಿಲ್ಲ. ಅಷ್ಟು ಜನರ ವಿಳಾಸ ಅದು. ಊರು ಮತ್ತು ಯಾರ ಮನೆ ಅನ್ನುವುದು ಗೊತ್ತಾದರೆ ಹೋಗಿ ಮುಟ್ಟಲು ಇನ್ನೇನೂ ಬೇಕಾಗಿರಲಿಲ್ಲ. ನನಗೆ ಮಾತ್ರ ಉಪಯೋಗಕ್ಕೆ ಬರಲಿಲ್ಲ. ಅದು ಗಂಡಿನ ಕಡೆಯ ಪುಸ್ತಕ, ಹೆಣ್ಣಿನ ಕಡೆಯವರ ಮುಯ್ಯಿ ಅವರ ಪುಸ್ತಕದಲ್ಲೇ ಇರುತ್ತದೆ ಅನ್ನುವುದು ಅರ್ಧ ಓದಿದ ಮೇಲೆ ತಲೆಗೆ ಹೋಯಿತು.

ಒಂಬತ್ತನೇ ದಿನ ಫೋನ್ ಬಂತು. ಗಂಡಸಿನ ದನಿ, ಅರವತ್ತರ ಆಸುಪಾಸು.

"ಯಾರಪ್ಪ ನೀನು?"

"ನೀವು ಯಾರಿಗೆ ಮಾಡಿದ್ರಿ?"

"ಅದ್ನೇ ಕೇಳ್ತಿರೋದು. ನಮ್ಮನೇಲಿ ಮದುವೆ ಚೀಲದೊಳಗೆ ಒಂದು ಚೀಟಿ ಸಿಕ್ತು. ಹೆಸರಿಲ್ಲ, ಊರಿಲ್ಲ, ಬರೀ ನಂಬರು. ಯಾರಿಗೆ ಕೊಟ್ಟಿದ್ದೆ ಇದ?"

ತಾಂಬೂಲದ ಚೀಲಗಳೆಲ್ಲ ಒಂದೇ ಥರ. ಹಳದಿ ಬಟ್ಟೆ, ಮೇಲೆ ಗಂಡು ಹೆಣ್ಣಿನ ಹೆಸರು. ಅವಳ ಅಮ್ಮ ಮನೆಮಂದಿಯ ಚೀಲಗಳನ್ನೆಲ್ಲ ಒಟ್ಟುಮಾಡಿ, ಕಾಯಿ ಹೆಚ್ಚಾಯಿತು ಅಂತ ಒಂದನ್ನು ಪಕ್ಕದ ಬೀದಿಯ ತನ್ನಣ್ಣನ ಮನೆಗೆ ಕೊಟ್ಟಿದ್ದರು. ಹೀಗೆ ನನ್ನ ಚೀಟಿ ಅವಳ ಸೋದರಮಾವನಿಗೆ ಸಿಕ್ಕಿತ್ತು. ಆ ಮನೆಯಲ್ಲಿ ವಯಸ್ಸಿಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಅವರಿಬ್ಬರನ್ನೂ ಹಿಂದಿನ ರಾತ್ರಿ ನಿಲ್ಲಿಸಿ ಕೇಳಿದ್ದಾರೆ ಅನ್ನುವುದು ಆಮೇಲೆ ಗೊತ್ತಾಯಿತು. ಚೀಟಿಯಲ್ಲಿ ನನ್ನ ಹೆಸರು, ಪತ್ರಿಕೆಯ ಹೆಸರು, ಪಿಎಫ್ ವಿಷಯಕ್ಕೆ ಅನ್ನುವ ಎರಡು ಪದ ಇದ್ದಿದ್ದರೆ ಅದು ಬರೀ ವಿಳಾಸದ ಚೀಟಿ. ಹೆಸರಿಲ್ಲದ ಹತ್ತು ಅಂಕಿಗೆ ಊರಿನಲ್ಲಿ ಇರುವ ಅರ್ಥ ಒಂದೇ.

ನಾನು ಹೆದರಿ ನಿಜ ಹೇಳಿಬಿಟ್ಟೆ. ಪತ್ರಿಕೆಯವನು, ಗಂಡಿನ ಕಡೆಯವನು, ಇಂಥವರ ತಮ್ಮನ ಮಗ, ಗಾರ್ಮೆಂಟ್ಸ್ ಗಲಾಟೆ ವಿಚಾರ ಬರೀತಿದ್ದೆ, ನಿಮ್ಮ ಕಡೆ ಕೆಲಸಕ್ಕೆ ಹೋಗುವ ಒಬ್ಬರ ಹತ್ತಿರ ಮಾಹಿತಿ ಕೇಳಿದ್ದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಗಲಾಟೆ ವಿಚಾರನಾ? ನಮ್ಮ ಹುಡುಗಿ ಯಾವ ಗಲಾಟೆಗೆ ಹೋಗಿದ್ಲು? ಭಾನುವಾರ ಊರಿಗೆ ಬಾ. ಎದುರಿಗೆ ಕೂತು ಕೇಳು ಏನು ಕೇಳಬೇಕೋ" ಅಂದರು.

ಫೋನ್ ಇಟ್ಟ ಮೇಲೆ ನಾನೇನು ಮಾಡಿದೆ ಅಂತ ತಿಳಿಯಿತು. ನನ್ನ ಮಾನ ಉಳಿಸಿಕೊಳ್ಳುವುದಕ್ಕೆ ಅವಳ ಗುಟ್ಟು ಬಿಟ್ಟುಕೊಟ್ಟಿದ್ದೆ. ಏಪ್ರಿಲಿನ ಪ್ರಕರಣಗಳಲ್ಲಿ ಕೇಸು ಹಾಕಿ ಜನರನ್ನು ಹಿಡಿದಿದ್ದರು. ಯಾವ ಮನೆಯವರು ತಾನೇ ನಮ್ಮ ಹುಡುಗಿ ಅಲ್ಲಿದ್ದಳು ಅಂತ ಒಪ್ಪುತ್ತಾರೆ?

ಭಾನುವಾರ ಅತ್ತೆಯನ್ನು ಕರೆದುಕೊಂಡು ಹೋದೆ. ಒಬ್ಬನೇ ಹೋಗುವ ಧೈರ್ಯವಿರಲಿಲ್ಲ. ಜೊತೆಗೆ ಹೆಣ್ಣು ದಿಕ್ಕಿದ್ದರೆ ಮಾತಿಗೆ ಒಂದು ಮರ್ಯಾದೆ ಇರುತ್ತದೆ ಅಂತ ಅತ್ತೆಯೇ ಹೇಳಿದರು. (ಅವರ ಲೆಕ್ಕ ಬೇರೆಯೇ ಇತ್ತು ಅನ್ನುವುದಕ್ಕೆ ಅವರು ಉಟ್ಟಿದ್ದ ಸೀರೆಯೇ ಸಾಕ್ಷಿ.) ಸೋದರಮಾವ ಜಗಲಿಯ ಮೇಲೆ ಕೂತಿದ್ದರು. ಮೊದಲ ಅರ್ಧ ಗಂಟೆ ಯಾರ ಮನೆ, ತಾತನ ಹೆಸರೇನು, ಎಷ್ಟು ಜಮೀನು, ನಾಲೆ ನೀರು ಬರುತ್ತಾ, ಪೇಪರಿನವರು ಎಷ್ಟು ಸಂಬಳ ಕೊಡುತ್ತಾರೆ. ಕೊನೆಯ ಪ್ರಶ್ನೆಗೆ ನಾನು ಉತ್ತರ ಹೇಳಿದ ಮೇಲೆ ಅತ್ತೆಯ ಉತ್ಸಾಹವೂ ಸ್ವಲ್ಪ ಇಳಿಯಿತು.

ಆಮೇಲೆ ಅವಳನ್ನು ಕರೆದರು. ಅಣ್ಣನೂ ಬಂದು ಬಾಗಿಲಿಗೆ ಒರಗಿ ನಿಂತ. "ಕೇಳಪ್ಪ" ಅಂದರು ಮಾವ.

ನಾನು ನೋಟ್‌ಬುಕ್ ತೆಗೆದೆ. ಅವಳು ನೆಲ ನೋಡುತ್ತಿದ್ದಳು. ಏಪ್ರಿಲಿನಲ್ಲಿ ನಿಮ್ಮ ಕಾರ್ಖಾನೆ ಕಡೆ ಏನಾಯ್ತು ಅಂದೆ. "ಅವತ್ತು ಎರಡು ದಿನ ರಜ ಕೊಟ್ಟಿದ್ರು. ನಾವು ಟೆಂಪೊ ಹತ್ತಿ ವಾಪಸ್ ಬಂದ್ವಿ. ನಂಗೇನೂ ಗೊತ್ತಿಲ್ಲ" ಅಂದಳು. ಚಪ್ಪಲಿ ಕಳೆದವಳ ಬಾಯಿಂದಲೇ ಬಂದ ಮಾತು ಇದು. ಒಂದೊಂದು ಪದವನ್ನೂ ಜೋಡಿಸಿಟ್ಟ ಹಾಗೆ ಹೇಳಿದಳು. ನಾನು ಅದನ್ನೇ ಬರೆದುಕೊಂಡೆ. ರಜ ಕೊಟ್ಟಿದ್ದರು, ಟೆಂಪೊ ಹತ್ತಿ ಬಂದರು. ನನ್ನ ಪೆನ್ನು ಅದನ್ನು ಬರೆಯುತ್ತಿರುವುದನ್ನು ಅವಳು ಒಂದು ಸಲ ತಲೆ ಎತ್ತಿ ನೋಡಿದಳು. ನಾನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. "ನಾನು ಬೇರೆ ಯಾರದೋ ಮಾತು ಕೇಳಿ ನೀವೂ ಇದ್ರಿ ಅಂದ್ಕೊಂಡಿದ್ದೆ, ತಪ್ಪಾಯ್ತು" ಅಂದೆ. ಮಾವನ ಮುಖ ಸಡಿಲವಾಯಿತು. ಟೀ ಬಂತು.

ಲೋಟ ವಾಪಸ್ ತೆಗೆದುಕೊಳ್ಳಲು ಬಂದಾಗ ಅವಳು ಬಗ್ಗಿ, ಅತ್ತೆಗೂ ಕೇಳದ ಹಾಗೆ, "ನಂಬರ್ ಜೊತೆ ಹೆಸರು ಬರೀಬೇಕು ಕಣ್ರೀ" ಅಂದಳು. ಅಷ್ಟೇ.

ಆ ವರದಿಯಲ್ಲಿ ಅವಳ ಒಂದು ಮಾತನ್ನೂ ನಾನು ಬಳಸಲಿಲ್ಲ. ಹೆಸರು ಬದಲಿಸಿ ಹಾಕಬಹುದು ಅಂತ ಕಚೇರಿಯಲ್ಲಿ ಹಿರಿಯರೊಬ್ಬರು ಹೇಳಿದರು. ಆದರೆ ಹೆಸರು ಬದಲಾದರೂ ಚಪ್ಪಲಿ ಬದಲಾಗುವುದಿಲ್ಲ. ಆ ಟೆಂಪೊದ ಹದಿನೆಂಟು ಜನಕ್ಕೂ ಅದು ಯಾರ ಕಥೆ ಅಂತ ಗೊತ್ತು. ಪತ್ರಿಕೆ ಊರಿಗೆ ಹೋಗುತ್ತದೆ, ಸಲೂನಿನಲ್ಲಿ ಓದುತ್ತಾರೆ, ಅಣ್ಣನೂ ಅಲ್ಲೇ ಕೂದಲು ಕತ್ತರಿಸಿಕೊಳ್ಳುತ್ತಾನೆ. ಜೂನ್ ಪೂರ್ತಿ ಬೇರೆ ಎರಡು ಟೆಂಪೊ ನಿಲ್ಲುವ ಜಾಗಗಳಲ್ಲಿ ಬೆಳಿಗ್ಗೆ ಆರು ಗಂಟೆಗೆ ಹೋಗಿ ನಿಂತು, ಬೇರೆ ಹೆಂಗಸರನ್ನು ಮಾತಾಡಿಸಿದೆ. ಐದು ಜನ ಮಾತಾಡಿದರು, ಮೂವರು ಹೆಸರು ಹಾಕಿ ಅಂದರು. ಅದು ಪ್ರಕಟವಾಯಿತು. ಚಪ್ಪಲಿಯ ಕಥೆಯಷ್ಟು ಚೆನ್ನಾಗಿರಲಿಲ್ಲ. ಇವತ್ತು ಇಲ್ಲಿ ಬರೆಯುತ್ತಿರುವುದು ಅವಳನ್ನು ಕೇಳಿ, ಅವಳು ಊರು, ಕಾರ್ಖಾನೆ ಎರಡೂ ಬೇಡ ಅಂದ ಮೇಲೆ.

ಅಲ್ಲಿಂದೀಚೆಗೆ ನಾನು ಮದುವೆ, ನಾಮಕರಣ, ಬೀಗರ ಊಟ ಎಲ್ಲಿ ಹೋದರೂ ಜೇಬಿನಲ್ಲಿ ಚೀಟಿಗಳಿರುತ್ತವೆ. ಮನೆಯಲ್ಲೇ ಬರೆದುಕೊಂಡು ಹೋಗುವುದು. ಹೆಸರು, ಊರು, ಪತ್ರಿಕೆ, ನಂಬರು. ಅಂಕಿಗಳನ್ನು ಐದೈದು ಬಿಡಿಸಿ ದೊಡ್ಡದಾಗಿ ಬರೆಯುತ್ತೇನೆ, ಕನ್ನಡಕ ಮನೆಯಲ್ಲೇ ಬಿಟ್ಟು ಬಂದ ಅಜ್ಜಂದಿರಿಗೂ ಕಾಣಬೇಕು. ವಿಷಯಕ್ಕೆ ಒಂದು ಸಾಲು ಖಾಲಿ ಬಿಟ್ಟಿರುತ್ತೇನೆ, ಅದನ್ನು ಅವರೆದುರಿಗೇ ತುಂಬುವುದು. ಕೊಡುವಾಗ ಮರೆಗೆ ಹೋಗುವುದಿಲ್ಲ. ಚಿಕ್ಕಮ್ಮನೋ ದೊಡ್ಡಪ್ಪನೋ ಪಕ್ಕದಲ್ಲಿರುವಾಗಲೇ, ಅವರಿಗೂ ಒಂದು ಕೊಟ್ಟುಬಿಡುತ್ತೇನೆ. ಎಲ್ಲರ ಕೈಗೂ ಬಂದ ಚೀಟಿಯ ಬಗ್ಗೆ ಯಾರೂ ಯಾರನ್ನೂ ನಿಲ್ಲಿಸಿ ಕೇಳುವುದಿಲ್ಲ. ಆದರೆ ಇದಕ್ಕೂ ಮಿತಿ ಇದೆ. ಚಪ್ಪಲಿ ಕಥೆಯಂಥದ್ದನ್ನು ಹೇಳಿದವರಿಗೆ, ಪಿಎಫ್ ವಿಷಯ ಅಂತ ಎಲ್ಲರೆದುರು ಬರೆದುಕೊಟ್ಟರೆ ಅದೇ ತೊಂದರೆ. ಅಂಥವರ ಚೀಟಿಯಲ್ಲಿ ಆ ಸಾಲು ಖಾಲಿಯೇ ಉಳಿಯುತ್ತದೆ. ಚೀಟಿಯನ್ನೇ ಬೇಡ ಅಂದವರೂ ಇದ್ದಾರೆ. ಅವರ ಸುದ್ದಿ ನನಗೆ ಸಿಗಲಿಲ್ಲ.

ಅವರಾಗಿಯೇ ನಂಬರ್ ಕೊಟ್ಟರೆ ನಾನು ತಿರುಗಿ ಓದಿ ಹೇಳುತ್ತೇನೆ. ಪಾತ್ರೆ ಸದ್ದು, ವಾಲಗ, ಮೈಕು ಇವುಗಳ ನಡುವೆ ಏಳು ಮತ್ತು ಎಂಟು ಅದಲುಬದಲಾಗುವುದು ಮಾಮೂಲು. ಅದಕ್ಕಿಂತ ಮುಖ್ಯವಾಗಿ ಮೂರು ಮಾತು ಕೇಳುತ್ತೇನೆ. ಈ ಫೋನು ಯಾರ ಹತ್ತಿರ ಇರುತ್ತೆ, ಯಾವ ಹೊತ್ತಿಗೆ ಮಾಡಲಿ, ಬೇರೆಯವರು ಎತ್ತಿದರೆ ಏನು ಹೇಳಲಿ. ಮೂರನೆಯದನ್ನು ಕೇಳಿದಾಗ ಗಂಡಸರು ಬಹುತೇಕ ನಗುತ್ತಾರೆ, ಯಾರು ಎತ್ತುತ್ತಾರೆ, ನಂದೇ ಫೋನು ಅನ್ನುತ್ತಾರೆ. ಹೆಂಗಸರು ನಗುವುದಿಲ್ಲ. ಒಂದು ಕ್ಷಣ ಯೋಚಿಸಿ ಉತ್ತರ ಹೇಳುತ್ತಾರೆ. ಒಬ್ಬ ಅಕ್ಕ, "ಸಂಘದ ಕಂತಿನ ವಿಷಯ ಅಂತ ಹೇಳಿ" ಅಂದಿದ್ದರು. ಇನ್ನೊಬ್ಬರು, "ಬೇರೆಯವರು ಎತ್ತಿದ್ರೆ ರಾಂಗ್ ನಂಬರ್ ಅಂತ ಇಟ್ಟುಬಿಡಿ, ನಾನೇ ಮಾಡ್ತೀನಿ" ಅಂದಿದ್ದರು. ಆ ಉತ್ತರವನ್ನು ನಂಬರಿನ ಪಕ್ಕದಲ್ಲೇ ಬರೆದುಕೊಳ್ಳುತ್ತೇನೆ. ಇಲ್ಲದಿದ್ದರೆ ಆರು ತಿಂಗಳ ಮೇಲೆ ಫೋನ್ ಮಾಡುವಾಗ ಮರೆತಿರುತ್ತದೆ.

ಇನ್ನು "ಅಷ್ಟೇನಾ?" ಅನ್ನುವ ಪ್ರಶ್ನೆ. ಅದಕ್ಕೆ ಚೀಟಿಯಲ್ಲಿ ಜಾಗವಿಲ್ಲ. ವರದಿಗೆ ಅಂತ ನಂಬರ್ ಕೇಳಿದರೆ ವರದಿಗೆ ಮಾತ್ರ ಮಾಡುತ್ತೇನೆ, ಹಬ್ಬದ ಶುಭಾಶಯ ಕೂಡ ಕಳಿಸುವುದಿಲ್ಲ. ಬೇರೆ ಆಸೆ ಇದ್ದರೆ ಆ ಮನುಷ್ಯರ ಹತ್ತಿರ ವರದಿ ಕೇಳುವುದಿಲ್ಲ. ಎರಡನ್ನೂ ಒಂದೇ ಜೇಬಿನಲ್ಲಿ ಇಟ್ಟುಕೊಂಡು ಹೋದರೆ ಯಾವುದು ಬೆಳಗುತ್ತದೋ ಎದುರಿನವರಿಗೆ ಮೊದಲು ಕಾಣುತ್ತದೆ.

ಅದೇ ವರ್ಷ ನವೆಂಬರಿನಲ್ಲಿ, ದೀಪಾವಳಿ ಕಳೆದು ಹದಿನೈದು ದಿನಕ್ಕೆ, ಒಂದು ಹೊಸ ನಂಬರಿನಿಂದ ಕರೆ ಬಂತು. ನಾನು ಬ್ಯಾಂಕಿನ ಮುಂದೆ ಐನೂರು ಸಾವಿರದ ನೋಟು ಬದಲಿಸುವ ಸಾಲಿನಲ್ಲಿ ನಿಂತಿದ್ದೆ.

"ಗೊತ್ತಾಯ್ತಾ ಯಾರು ಅಂತ?"

ಗೊತ್ತಾಯಿತು.

"ಬೋನಸ್ ಬಂತು. ಫೋನ್ ತಗೊಂಡೆ, ನನ್ನ ಆಧಾರ್ ಕಾರ್ಡಲ್ಲೇ ಸಿಮ್ಮು. ಇದು ನನ್ನ ನಂಬರ್ರು, ಬೇರೆ ಯಾರೂ ಎತ್ತಲ್ಲ."

"ನನ್ನ ನಂಬರ್ ಹೇಗೆ ಸಿಕ್ತು? ಚೀಟಿ ನಿಮ್ಮ ಮಾವನ ಹತ್ರ ಇತ್ತಲ್ಲ?"

"ಅವರು ಅದನ್ನ ಗೋಡೆ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ರು. ಪೇಪರಿನವರು ಯಾವಾಗಾದ್ರೂ ಬೇಕಾಗ್ತಾರೆ ಅಂತ."

ಹತ್ತು ನಿಮಿಷ ಮಾತಾಡಿದೆವು, ಕುರ್ಚಿ ಹಿಡಿದು ನಿಂತಾಗ ಆಡಿದಷ್ಟೇ ಹೊತ್ತು. ಅವಳಿಗೆ ಆ ತಿಂಗಳ ಸಂಬಳ ಹಳೇ ನೋಟಿನಲ್ಲಿ ಕೊಡುತ್ತಿದ್ದಾರೆ, ತಗೊಳ್ಳಬೇಕೋ ಬೇಡವೋ ಅಂತ ಕೇಳಬೇಕಾಗಿತ್ತು. ನನಗೆ ತಿಳಿದಷ್ಟು ಹೇಳಿದೆ. ಕೊನೆಗೆ ಅವಳ ಹೆಸರು ಕೇಳಿದೆ, ಹೇಳಿದಳು, ಅಕ್ಷರ ಬಿಡಿಸಿ ಹೇಳಿಸಿಕೊಂಡೆ.

"ನನ್ನನ್ನ ಏನಂತ ಸೇವ್ ಮಾಡ್ಕೊಂಡಿದೀರಿ?" ಅಂದೆ.

"ಪಿಎಫ್ ಮೇಡಂ," ಅಂದಳು. "ಅಣ್ಣ ಇನ್ನೂ ನೋಡ್ತಾನೆ."